ಸುಜಾ, ಓದಿದ ಕೂಡಲೇ ಉತ್ತರ ಬರೆಯಬೇಕು ಅಂತಿಲ್ಲ

ಸೋಮವಾರ, ರಾತ್ರಿ 9.40

ಸುಜಾ, ಫೋನಿನಲ್ಲಿ ನಿನ್ನ ಸ್ವರ ಕೇಳಿಯೇ ಗೊತ್ತಾಯಿತು, ಮಾತಾಡುವ ಮನಸ್ಸಿಲ್ಲ ಅಂತ. ಅದಕ್ಕೇ ಬೇಗ ಇಟ್ಟೆ. ಇದನ್ನು ನಾಳೆ ಓದಿದರೂ ಆಯಿತು. ಓದಿದ ಕೂಡಲೇ ಉತ್ತರ ಬರೆಯಬೇಕು ಅಂತಿಲ್ಲ.

ಶುಗರ್ ರಿಪೋರ್ಟ್ ಹಿಡಿದುಕೊಂಡು ಒಬ್ಬಳೇ ಬಸ್ಸಿನಲ್ಲಿ ಬಂದೆ ಅಂದೆಯಲ್ಲ, ಅದೇ ತಲೆಯಲ್ಲಿ ಸುತ್ತುತ್ತಾ ಉಂಟು. ಇನ್ನು ಡಾಕ್ಟರ ಹತ್ತಿರ ಹೋಗುವಾಗ ಜೊತೆ ಬೇಕು ಅನಿಸಿದರೆ ಒಂದು ಮಾತು ಹೇಳು. ಅಂಬಲಪಾಡಿಯಿಂದ ಕುಂಜಿಬೆಟ್ಟಿಗೆ ಬರಲು ನನಗೆ ಎಷ್ಟು ಹೊತ್ತು ಬೇಕು?

ಇನ್ನೊಂದು. "ನಾನೇ ಮಾಡಿಕೊಂಡದ್ದು" ಅಂದೆ. ಅದನ್ನು ನಾನು ಒಪ್ಪುವುದಿಲ್ಲ ಮಾರಾಯ್ತಿ. ನಿನ್ನ ಅಪ್ಪನಿಗೆ ಶುಗರ್ ಇತ್ತು, ದೊಡ್ಡಪ್ಪನಿಗೂ ಇತ್ತು. ಐಸ್‌ಕ್ರೀಮ್, ಗೋಳಿಬಜೆ ಎಲ್ಲ ನಾವಿಬ್ಬರೂ ಒಟ್ಟಿಗೇ ತಿಂದದ್ದು. ಬಂದದ್ದು ನಿನಗೆ. ಇದರಲ್ಲಿ ನಿನ್ನ ತಪ್ಪು ಹುಡುಕಲು ಕೂರಬೇಡ. ಈಗ ಮಲಗು.

ಮಂಗಳವಾರ, ಬೆಳಿಗ್ಗೆ 7.15

ನಿದ್ದೆ ಬಂತಾ? ಇಷ್ಟೇ ಕೇಳಲು ಬರೆದೆ.

ಮಂಗಳವಾರ, ಮಧ್ಯಾಹ್ನ 1.20

ಎಚ್‌ಬಿಎ1ಸಿ 8.2 ಅಂದರೆ ತುಂಬಾ ಜಾಸ್ತಿಯಾ ಅಂತ ಕೇಳಿದ್ದೀಯ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಅದು ರಕ್ತದ ಸಕ್ಕರೆಯ ಹೆಚ್ಚುಕಡಿಮೆ ಮೂರು ತಿಂಗಳ ಸರಾಸರಿ. 6.5 ಮುಟ್ಟಿದರೆ ಶುಗರ್ ಅಂತ ಲೆಕ್ಕ. ನಿನ್ನದು ಹತೋಟಿಗೆ ತರಬೇಕಾದ ನಂಬರ್ ಹೌದು. ಆದರೆ ಅದು ಅಲ್ಲೇ ನಿಲ್ಲುವ ನಂಬರ್ ಅಲ್ಲ. ಮಾತ್ರೆ, ಊಟ, ನಡಿಗೆ ಸರಿಯಾದರೆ ಇಳಿಯುತ್ತದೆ. ನನ್ನ ಅಮ್ಮನದು ಇದಕ್ಕಿಂತ ಜಾಸ್ತಿ ಇತ್ತು. ಈಗ ಏಳರ ಒಳಗೆ ಉಂಟು. ಬೆಳಿಗ್ಗೆ ಇಡೀ ಅಂಗಳ ಅವರೇ ಗುಡಿಸುವುದು, ನೀನೇ ನೋಡಿದ್ದೀಯಲ್ಲ.

ಮೂರು ತಿಂಗಳ ಸರಾಸರಿ ಆದ್ದರಿಂದ ನಾಳೆಯೋ ನಾಡಿದ್ದೋ ಇಳಿಯಬೇಕು ಅಂತ ಕಾಯಬೇಡ. ನಿಧಾನಕ್ಕೆ ಆಗಲಿ.

ಬುಧವಾರ, ಸಂಜೆ 6.05

ನಿನ್ನ ಮೆಸೇಜ್ ಎರಡು ಸಲ ಓದಿದೆ. ಅತ್ತೆ, ಪಕ್ಕದ ಮನೆಯವರು, ಆಫೀಸಿನವರು, ಎಲ್ಲರದ್ದೂ ಒಂದೊಂದು ಸಲಹೆ. ಹಾಗಲಕಾಯಿ ಜ್ಯೂಸ್, ಮೆಂತ್ಯದ ನೀರು, ಅಮೃತಬಳ್ಳಿ ಕಷಾಯ. ಪಾಪ, ಅವರಿಗೂ ಪ್ರೀತಿ ಇಲ್ಲದೆ ಅಲ್ಲ. ಆದರೆ ಎಲ್ಲರಿಗೂ ಉತ್ತರ ಕೊಡುವ ಕೆಲಸ ನಿನ್ನದಲ್ಲ. "ಡಾಕ್ಟರ ಹತ್ತಿರ ಕೇಳುತ್ತೇನೆ" ಅಂತ ಹೇಳಿ ಸುಮ್ನೆ ಇರು.

ಒಂದು ವಿಷಯ ಮಾತ್ರ ನಾನೂ ಹೇಳುತ್ತೇನೆ, ಮತ್ತೆ ಹೇಳುವುದಿಲ್ಲ. ಕಷಾಯ ಕುಡಿದು ಮಾತ್ರೆ ಬಿಡು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡ.

ನಾನು ನಿನ್ನ ತಟ್ಟೆ ನೋಡುವುದಿಲ್ಲ. ಇದು ಮಾತು. ನೀನು ಬನ್ಸ್ ತಿಂದರೆ "ತಿನ್ನಬಹುದಾ?" ಅಂತ ಕೇಳುವುದಿಲ್ಲ. ನಿನಗೇ ನನ್ನಿಂದ ನೆನಪು ಮಾಡಿಸಿಕೊಳ್ಳಬೇಕು ಅನಿಸಿದರೆ ಹೇಳು, ಆಗ ಮಾಡುತ್ತೇನೆ. ಇಲ್ಲದಿದ್ದರೆ ಇಲ್ಲ.

ಗುರುವಾರ, ರಾತ್ರಿ 8.30

ಮಾತ್ರೆ ತೆಗೆದುಕೊಂಡಾಗಿನಿಂದ ಹೊಟ್ಟೆ ಸರಿ ಇಲ್ಲ ಅಂದರೆ ಬೇಸರವೇ. ಮೆಟ್‌ಫಾರ್ಮಿನ್ ಅಲ್ವಾ? ಅಮ್ಮನಿಗೂ ಶುರುವಿನಲ್ಲಿ ಹಾಗೇ ಆಗಿತ್ತು, ಆಮೇಲೆ ಹೊಂದಿಕೊಂಡಿತು. ಅವರಿಗೆ ಊಟದ ಜೊತೆ ತೆಗೆದುಕೊಳ್ಳಲು ಹೇಳಿದ್ದರು. ನೀನು ಹೇಗೆ ತೆಗೆದುಕೊಳ್ಳಬೇಕು ಅಂತ ನಾಳೆ ಬೆಳಿಗ್ಗೆ ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳು. ಅವರು ಬೇಕಾದರೆ ಮಾತ್ರೆ ಬದಲಿಸಿ ಕೊಡುತ್ತಾರೆ. ಇಂಥ ಸಣ್ಣ ವಿಷಯಕ್ಕೆಲ್ಲ ಫೋನ್ ಮಾಡುವುದಾ ಅಂತ ಸಂಕೋಚ ಪಡಬೇಡ. ಇಡೀ ದಿನ ಹೊಟ್ಟೆ ಹಿಡಿದುಕೊಂಡು ಕೂರುವುದು ಸಣ್ಣ ವಿಷಯ ಅಲ್ಲ.

ಗಂಜಿ ಬಿಡಬೇಕಾ ಅಂತ ಕೇಳಿದ್ದಕ್ಕೆ: ಅಮ್ಮ ಬಿಟ್ಟಿಲ್ಲ. ಕುಚಲಕ್ಕಿ ಆದ್ದರಿಂದ ಎಷ್ಟು ಉಂಡರೂ ಆಗುತ್ತದೆ ಅಂತ ಮೊದಲು ಅಂದುಕೊಂಡಿದ್ದರು, ಅದು ಹಾಗಲ್ಲ ಅಂತ ಊಟದ ಬಗ್ಗೆ ಹೇಳುವ ಮೇಡಂ ತಿಳಿಸಿದರು. ಈಗ ದೊಡ್ಡ ಬಟ್ಟಲು ಹೋಗಿ ಸಣ್ಣ ಬಟ್ಟಲು ಬಂದಿದೆ. ಜೊತೆಗೆ ಹೆಸರುಕಾಳು ಪಲ್ಯವೋ, ಹರಿವೆ ಸೊಪ್ಪೋ, ಒಂದು ತುಂಡು ಬಂಗುಡೆಯೋ ಇರುತ್ತದೆ. ನಿನಗೆ ಎಷ್ಟು ಅಂತ ಮುಂದಿನ ಸಲ ನೀನೇ ಕೇಳು. ನಿನ್ನ ಕೈಯಾರೆ ಬಟ್ಟಲು ತೋರಿಸಿ ಕೇಳಿದರೆ ಇನ್ನೂ ಒಳ್ಳೆಯದು. ಒಂದು ಕಪ್ ಅಂತ ಅವರು ಹೇಳಿದರೆ ಯಾರ ಮನೆಯ ಕಪ್ ಅಂತ ಯಾರಿಗೆ ಗೊತ್ತು.

ಶುಕ್ರವಾರ, ಬೆಳಿಗ್ಗೆ 8.10

ಮಿಷನ್ ಬಂತಾ! 214 ನೋಡಿ ಎದೆ ಧಸಕ್ ಅಂದಿರಬೇಕು. ಒಂದು ಕೇಳಲಾ, ಚುಚ್ಚುವ ಮೊದಲು ಹಲಸಿನ ಹಣ್ಣು ಬಿಡಿಸುತ್ತಿದ್ದೆಯಾ? ಬೆರಳಿನಲ್ಲಿ ಹಣ್ಣಿನ ರಸ ಇದ್ದರೆ ಮಿಷನ್ ಅದನ್ನೂ ಸೇರಿಸಿ ಜಾಸ್ತಿ ತೋರಿಸುತ್ತದೆ. ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿ ಇನ್ನೊಮ್ಮೆ ನೋಡು.

ಮತ್ತೆ, ಬೆರಳಿನ ತುದಿಯ ನಡುವೆ ಚುಚ್ಚಬೇಡ, ಬದಿಗೆ ಚುಚ್ಚು. ನೋವು ಕಡಿಮೆ. ಅಮ್ಮ ದಿನಕ್ಕೊಂದು ಬೆರಳು ಬದಲಿಸುತ್ತಾರೆ, ಒಂದೇ ಬೆರಳಿಗೆ ಯಾಕೆ ಶಿಕ್ಷೆ ಅಂತ.

ಶುಕ್ರವಾರ, ಬೆಳಿಗ್ಗೆ 8.32

158. ಬಂತಲ್ಲ. ಇದೂ ಬೆಳಗ್ಗಿನ ಖಾಲಿ ಹೊಟ್ಟೆಗೆ ಜಾಸ್ತಿಯೇ, ಸುಳ್ಳು ಹೇಳುವುದಿಲ್ಲ. ಆದರೆ 214 ಅಲ್ಲ. ಎರಡನ್ನೂ ಬರೆದಿಟ್ಟು ಡಾಕ್ಟರಿಗೆ ತೋರಿಸು. ಈಗ ಮಿಷನ್ ಒಳಗಿಟ್ಟು ತಿಂಡಿ ತಿನ್ನು. ಮತ್ತೆ ಮತ್ತೆ ನೋಡುತ್ತಾ ಕೂತರೆ ಇಡೀ ದಿನ ಅದರಲ್ಲೇ ಹೋಗುತ್ತದೆ.

ಶನಿವಾರ, ಸಂಜೆ 4.50

ಕಣ್ಣಿನ ಪರೀಕ್ಷೆ ಬುಧವಾರ ಅಂದೆಯಲ್ಲ. ಶುಗರ್ ಗೊತ್ತಾದ ಕೂಡಲೇ ಒಮ್ಮೆ ಎಲ್ಲರಿಗೂ ಮಾಡಿಸುತ್ತಾರೆ, ನಿನ್ನ ಕಣ್ಣಿಗೆ ಏನೋ ಆಗಿದೆ ಅಂತ ಅಲ್ಲ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಎಲ್ಲ ಮಸುಕು, ಬಿಸಿಲು ಚುಚ್ಚುತ್ತದೆ. ಸ್ಕೂಟರ್ ಓಡಿಸಲು ಆಗುವುದಿಲ್ಲ. ನಾನು ರಜೆ ಹಾಕಿದ್ದೇನೆ, ಕೇಳದೆಯೇ. ಬೇಡ ಅನ್ನಬೇಡ. ನಿನ್ನ ತಂಪು ಕನ್ನಡಕ ಇಟ್ಟುಕೋ.

ವಾಪಸ್ ಬರುವಾಗ ಶುಗರ್ ವಿಷಯ ಬೇಡ ಅನಿಸಿದರೆ ಬೇಡ. ನಿನ್ನ ಮಗಳು ಕಾಲೇಜಿಗೆ ಎಲ್ಲಿ ಸೇರಿದಳು ಅಂತ ಹೇಳಲೇ ಇಲ್ಲ ನೀನು. ಈ ವಾರ ಇಡೀ ನಾವು ಬೇರೆ ಏನೂ ಮಾತಾಡಿಲ್ಲ, ಗಮನಿಸಿದೆಯಾ?

ಭಾನುವಾರ, ರಾತ್ರಿ 10.15

ಅತ್ತ ಮೇಲೆ ಸಾರಿ ಅಂತ ಯಾಕೆ ಬರೆದೆ? ನನ್ನ ಹತ್ತಿರ ಅಳದೆ ಯಾರ ಹತ್ತಿರ ಅಳುತ್ತೀಯ. ಅಪ್ಪನ ಕಾಲಿನ ಗಾಯ ನೆನಪಾಗಿ ಹೆದರಿಕೆ ಆಗುತ್ತದೆ ಅಂದೆ. ಆಗದೆ ಹೇಗಿರುತ್ತದೆ? ನಾನು "ಏನೂ ಆಗುವುದಿಲ್ಲ ಬಿಡು" ಅಂತ ಹೇಳುವುದಿಲ್ಲ, ಹಾಗೆ ಹೇಳಿದರೆ ನಿನ್ನ ಹೆದರಿಕೆ ನಾನು ಕೇಳಿಸಿಕೊಂಡೇ ಇಲ್ಲ ಅಂತ ಆಗುತ್ತದೆ. ಆದರೆ ಅಪ್ಪನಿಗೆ ಗೊತ್ತಾದದ್ದೇ ಆ ಗಾಯ ವಾಸಿಯಾಗದೆ ಹೋದ ಮೇಲೆ. ನಿನಗೆ ಆಫೀಸಿನ ಮಾಮೂಲಿ ಚೆಕಪ್‌ನಲ್ಲಿ, ಕಾಲಿಗೆ ಒಂದು ಗೀರೂ ಇಲ್ಲದಿರುವಾಗ ಗೊತ್ತಾಗಿದೆ. ಇದು ಸಣ್ಣ ವ್ಯತ್ಯಾಸ ಅಲ್ಲ ಸುಜಾ.

ರಾತ್ರಿ ಹೀಗೆ ಆದಾಗ ಫೋನ್ ಮಾಡು. ಎಷ್ಟು ಗಂಟೆಯಾದರೂ.

ಸೋಮವಾರ, ಬೆಳಿಗ್ಗೆ 11.00

ಮದುವೆ ಮನೆಗೆ ಬರುವುದಿಲ್ಲ ಅನ್ನುವ ಮಾತು ಬಿಡು. ಊಟಕ್ಕೆ ನಾನು ನಿನ್ನ ಪಕ್ಕದಲ್ಲೇ ಕೂರುತ್ತೇನೆ. ಹೋಳಿಗೆ ಬಡಿಸಲು ಬಂದಾಗ ನಿನಗೆ ಬೇಡವಾದರೆ ಎಲೆಯ ಮೇಲೆ ಕೈ ಅಡ್ಡ ಇಡು, ಒತ್ತಾಯ ಮಾಡುವವರಿಗೆ ನಾನು ಉತ್ತರ ಕೊಡುತ್ತೇನೆ. ಅರ್ಧ ತಿನ್ನುವ ಆಸೆ ಆದರೆ ಉಳಿದರ್ಧ ನನ್ನ ಎಲೆಗೆ. ಸಂಜೆ ಮಣಿಪಾಲದ ಮಣ್ಣಪಳ್ಳಕ್ಕೆ ಹೋಗಿ ಒಂದು ಸುತ್ತು ಹಾಕೋಣ, ಮಳೆ ಶುರುವಾದರೆ ಆಮೇಲೆ ಆಗುವುದಿಲ್ಲ.

ನೀಲಿ ಸೀರೆಯಾ, ಹಸಿರಾ? ನೀನು ನೀಲಿ ಉಡುವುದಾದರೆ ನಾನು ಬೇರೆ ತೆಗೆದಿಡುತ್ತೇನೆ. ಬೇಗ ಹೇಳು, ಇಸ್ತ್ರಿಗೆ ಕೊಡಬೇಕು.