ಚಿಕ್ಕಬಳ್ಳಾಪುರದ 14 ಮನೆ: ಜಾಹೀರಾತಿನ ಮುಂಭಾಗದ ಚಿತ್ರಕ್ಕೆ ವಿವರ

ಸರ್, ಪ್ಲಾನ್, ಎಲಿವೇಷನ್ ಎರಡೂ ಕಳಿಸಿದ್ದೇನೆ. ತ್ರೀಡಿ ಚಿತ್ರ ಹೇಗೆ ಬರಬೇಕು ಅಂತ ಇಲ್ಲಿ ಬರೆದಿದ್ದೇನೆ.

ಪೂರ್ವಕ್ಕೆ ಮುಖ ಮಾಡಿದ ಮೂಲೆ ಮನೆ ತಗೊಳ್ಳಿ. 30x40 ಸೈಟು, ನೆಲಮಹಡಿ ಮೇಲೆ ಒಂದು ಮಹಡಿ. ಎಡಗಡೆ ಅಡ್ಡರಸ್ತೆ. ಕ್ಯಾಮೆರಾ ಎದುರಿನ ರಸ್ತೆಯಂಚಲ್ಲಿ ಬಲಕ್ಕೆ ಸರಿದು, ನಿಂತ ಮನುಷ್ಯನ ಕಣ್ಣಿನ ಎತ್ತರದಲ್ಲಿರಲಿ. ವೈಡ್ ಲೆನ್ಸ್ ಹಾಕಿ 30 ಅಡಿಯನ್ನು 60 ಅಡಿ ಮಾಡಬೇಡಿ.

ಅಕ್ಟೋಬರ್ ಕೊನೆಯ ಬೆಳಗ್ಗೆ 8 ಗಂಟೆ, ಹಿಂದಿನ ರಾತ್ರಿ ಮಳೆ ಬಂದು ಬಿಟ್ಟಿದೆ. ಆಕಾಶ ತೊಳೆದ ನೀಲಿ, ಕೆಳಗಡೆ ಸ್ವಲ್ಪ ಬಿಳಿಚು, ಅಲ್ಲಲ್ಲಿ ಚಿಕ್ಕ ಬಿಳಿ ಮೋಡ. ಕಿತ್ತಳೆ, ನೇರಳೆ ಸಂಜೆ ಬೇಡವೇ ಬೇಡ. ಬಿಸಿಲು ಎಡ ಮುಂದಿನಿಂದ ಬೀಳುತ್ತದೆ, ಹಾಗಾಗಿ ಮುಂಭಾಗ ಬೆಳಗಿರಲಿ, ಬಲಗಡೆಯ ಗೋಡೆ ನೆರಳಲ್ಲಿರಲಿ, 2 ಅಡಿ ಚಜ್ಜದ ನೆರಳು ಗೋಡೆ ಮೇಲೆ ಸುಮಾರು ಒಂದು ಅಡಿ ಇಳಿಯಲಿ. ಎಡಗಡೆ ದೂರದಲ್ಲಿ ನಂದಿಬೆಟ್ಟ, ಮಂಜಿನಲ್ಲಿ ನೀಲಿಯಾಗಿ, ಕಿಟಕಿ ಲಿಂಟೆಲ್ ಮಟ್ಟಕ್ಕೆ ಬಂದರೆ ಸಾಕು. ಸೈಟಿನಿಂದ ಅಷ್ಟೇ ಕಾಣೋದು. ಬೆಟ್ಟ ಮನೆ ಹಿಂದೆಯೇ ಎದ್ದು ನಿಂತ ಹಾಗೆ ತೋರಿಸಿದರೆ ನೋಡಲು ಬಂದವರು ಮೊದಲು ಅದನ್ನೇ ಕೇಳುತ್ತಾರೆ.

ಗೋಡೆಗೆ ಮಾಸಲು ಬಿಳಿ ಪೇಂಟ್, ಹೊಳಪಿಲ್ಲದ್ದು, ಹತ್ತಿರದಿಂದ ನೋಡಿದರೆ ಗಾರೆಯ ಸಣ್ಣ ತರಿ ಕಾಣಬೇಕು. ಪೋರ್ಟಿಕೊ ಕಂಬಕ್ಕೂ ಕಾಂಪೌಂಡಿಗೂ ಬೂದು ಸಾದರಹಳ್ಳಿ ಕಲ್ಲು. ಇದರ ಮೇಲೆ ಜಾಸ್ತಿ ಗಮನ ಕೊಡಿ, ಯಾಕಂದ್ರೆ ನಿಜಕ್ಕೂ ಅದನ್ನೇ ಹಾಕುತ್ತಿದ್ದೇವೆ. ಒಂದೊಂದು ಕಲ್ಲೂ ಬೇರೆ ಛಾಯೆ, ಉಳಿ ಏಟಿನ ಗುರುತು, ಸಂದಿನಲ್ಲಿ ಸಿಮೆಂಟ್ ಗೆರೆ, ನೆಲದ ಹತ್ತಿರ ಮಳೆ ಎರಚಿದ ಕೆಂಪು ಮಣ್ಣಿನ ಕಲೆ. ಒಂದೇ ಕಲ್ಲಿನ ಫೋಟೊ ಪಕ್ಕಪಕ್ಕ ಅಂಟಿಸಿದರೆ ಗೊತ್ತಾಗಿಬಿಡುತ್ತೆ. ಬಾಗಿಲು ತೇಗ, ಗೇಟು ಕಪ್ಪು ಕಬ್ಬಿಣ. ಮೇಲೆ ನೀರಿನ ಟ್ಯಾಂಕು, ದಕ್ಷಿಣಕ್ಕೆ ವಾಲಿದ ಸೋಲಾರ್ ಹೀಟರ್ ಇರಲಿ, ರಸ್ತೆಯ ಕರೆಂಟ್ ಕಂಬವನ್ನೂ ಅಳಿಸಬೇಡಿ.

ತೋಟ ಚಿಕ್ಕದು. ಬೋರ್‌ವೆಲ್ ನೀರು ನಂಬಿರುವ ಊರಿನಲ್ಲಿ ಹುಲ್ಲುಹಾಸು ತೋರಿಸಿ ಜನರ ಆಸೆ ಕೆರಳಿಸೋದು ನನಗೆ ಇಷ್ಟವಿಲ್ಲ. ಗೇಟಿನ ಪಕ್ಕ ಆಳೆತ್ತರದ ಸಂಪಿಗೆ, ನೆಟ್ಟು ಎರಡು ವರ್ಷವಾದ ಹಾಗೆ, ಕೋಲು ಕಟ್ಟಿರಲಿ. ಕಾಂಪೌಂಡ್ ಒಳಗೆ ನಂದಿಬಟ್ಟಲು, ದಾಸವಾಳ, ಕರಿಬೇವು, ಬಾಗಿಲ ಮುಂದೆ ತುಳಸಿಕಟ್ಟೆ. ಗಿಡದ ಬುಡದಲ್ಲಿ ಒದ್ದೆ ಕೆಂಪು ಮಣ್ಣು ಕಾಣಲಿ, ಎಲೆಗಳು ಎಲ್ಲವೂ ಒಂದೇ ಹಸಿರಾಗಬಾರದು. ಪಾಮ್ ಮರ, ಕಾರಂಜಿ, ವಿದೇಶಿ ಕಾರು ಯಾವುದೂ ಬೇಡ. ಹೊಸ್ತಿಲ ಮುಂದೆ ಪುಟ್ಟ ರಂಗೋಲಿ, ಗೇಟಿನ ಒಳಗೆ ಒಂದು ಸ್ಕೂಟರ್ ಸಾಕು.

ಚಿತ್ರ ನೋಡಿಯೇ ಜನ ಅಡ್ವಾನ್ಸ್ ಕೊಡುತ್ತಾರೆ. ಜಾಹೀರಾತಿನ ಸುಳ್ಳು ನಂಬಿ ದುಡ್ಡು ಕಟ್ಟಿ ನಷ್ಟವಾದರೆ 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಿಲ್ಡರ್ ಪರಿಹಾರ ಕೊಡಬೇಕು. ಕೆಳಗೆ ರೇರಾ ನೋಂದಣಿ ಸಂಖ್ಯೆಗೆ ಓದುವಷ್ಟು ಜಾಗ ಬಿಡಿ, ಆಕಾಶದ ಎಡ ಮೇಲ್ಭಾಗ ಪ್ರಾಜೆಕ್ಟಿನ ಹೆಸರು ಹಾಕಲು ಖಾಲಿ ಇರಲಿ. ಮೊದಲು ಬಣ್ಣವಿಲ್ಲದ ಕರಡು ಕಳಿಸಿ, ನೆರಳು ನೋಡಿ ಹೇಳುತ್ತೇನೆ.