ವಿಮ್ 9.1 ವಿಮರ್ಶೆ: ಹಳತು ಸರಿ, ಆದರೆ ಯಾವ ಥರದ ಹಳತು?

ವಿಮ್ ಎಡಿಟರ್ ಬಗ್ಗೆ ಯಾರನ್ನೇ ಕೇಳಿ, ಎರಡರಲ್ಲಿ ಒಂದು ಉತ್ತರ ಗ್ಯಾರಂಟಿ. "ಅದು ಓಬೀರಾಯನ ಕಾಲದ್ದು ಮಾರಾಯ, ಬಿಡು" ಅನ್ನುವವರು ಒಂದು ಕಡೆ. "ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ" ಅನ್ನುವವರು ಇನ್ನೊಂದು ಕಡೆ. ಓಬೀರಾಯ ಅಂದವರ ಮಾತಿನಲ್ಲಿ ಸಿಟ್ಟು ಇದೆ, ವಿವರ ಇಲ್ಲ. ಏನು ಹಳತು, ಅದರಿಂದ ಕೆಲಸಕ್ಕೆ ತೊಂದರೆ ಇದೆಯಾ, ಬದಲಿಸಬೇಕಾ, ಸಹಿಸಿಕೊಂಡರೆ ಸಾಕಾ? ಯಾವುದೂ ಗೊತ್ತಾಗುವುದಿಲ್ಲ. ಹೊಗಳುವವರೂ ಅಷ್ಟೇ, ಎಲ್ಲವನ್ನೂ "ಸಂಪ್ರದಾಯ" ಅಂತ ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಈ ಒಂದೇ ಸಾಫ್ಟ್‌ವೇರ್‌ನಲ್ಲಿ ಸಾಂಪ್ರದಾಯಿಕವಾದದ್ದು, ಹಳತಾದದ್ದು, ಬಳಕೆ ತಪ್ಪಿದ್ದು ಮೂರೂ ಇವೆ. ಬೇರೆ ಬೇರೆ ಮಾಡಿ ನೋಡಿದರೆ ಮಾತ್ರ ವಿಮ್ ಬಗ್ಗೆ ನ್ಯಾಯವಾಗಿ ಏನಾದರೂ ಹೇಳಬಹುದು.

ವಯಸ್ಸಿನ ಮಟ್ಟಿಗೆ ಹೇಳುವುದಾದರೆ ಇದು ಪುರಾತನವೇ. 1976ರಲ್ಲಿ ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ `vi` ಇದರ ಮೂಲ. ಅದಕ್ಕೂ ಹಿಂದೆ ಯುನಿಕ್ಸ್‌ನ `ed` ಇತ್ತು. ಇವತ್ತಿಗೂ ನಾವು ಒತ್ತುವ `:%s/ಹಳೆ/ಹೊಸ/g` ಆ ವಂಶದ್ದೇ. ಬ್ರಾಮ್ ಮೋಲೆನಾರ್ ಅಮಿಗಾ ಕಂಪ್ಯೂಟರ್‌ನಲ್ಲಿ ಶುರು ಮಾಡಿದ ವಿಮ್ 1991ರಲ್ಲಿ ಎಲ್ಲರ ಕೈಗೆ ಸಿಕ್ಕಿತು. 2023ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. 2024ರ ಜನವರಿಯಲ್ಲಿ ಬಂದ ಈ 9.1 ಆವೃತ್ತಿಯನ್ನು ಅವರಿಗೇ ಅರ್ಪಿಸಲಾಗಿದೆ. ಆದರೆ "ಪುರಾತನ" ಅನ್ನುವುದು ಬರೀ ವಯಸ್ಸು ಹೇಳುತ್ತದೆ. ಅದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ವಿಮರ್ಶೆ ಅಲ್ಲಿಗೆ ನಿಂತರೆ ಏನೂ ಹೇಳಿದಂತಾಗುವುದಿಲ್ಲ.

ಈಗ ಸಾಂಪ್ರದಾಯಿಕ ಭಾಗ. ವಿಮ್ ತೆರೆದು ಕೀಲಿ ಒತ್ತಿದರೆ ಅಕ್ಷರ ಮೂಡುವುದಿಲ್ಲ. ಮೊದಲು `i` ಒತ್ತಬೇಕು, ಆಮೇಲೆ ಬರೆಯಬೇಕು, ಮುಗಿದ ಮೇಲೆ `Esc`. ಹೊಸಬರಿಗೆ ಇದೇ ದೊಡ್ಡ ಕಿರಿಕಿರಿ. ಆದರೆ ಬರೆಯುವ ಸ್ಥಿತಿ ಬೇರೆ, ಆದೇಶ ಕೊಡುವ ಸ್ಥಿತಿ ಬೇರೆ ಅಂತ ಆದಾಗ ಅಕ್ಷರಗಳೆಲ್ಲ ಆದೇಶಗಳಾಗಿ ಬಿಡುಗಡೆಯಾಗುತ್ತವೆ. ಈ ಸಾಲು ನೋಡಿ:

```
title = "ಹಳೆಯ ಶೀರ್ಷಿಕೆ"
```

ಕರ್ಸರ್ ಈ ಸಾಲಿನ ಶುರುವಿನಲ್ಲಿದ್ದರೂ ಸಾಕು, `ci"` ಒತ್ತಿದರೆ ಉದ್ಧರಣ ಚಿಹ್ನೆಗಳ ಒಳಗಿನದೆಲ್ಲ ಅಳಿಸಿ, ಹೊಸದು ಬರೆಯಲು ಜಾಗ ಸಿದ್ಧ. ಇದು "ಚಿಹ್ನೆಯ ಒಳಗಿನದನ್ನು ಬದಲಿಸು" ಅಂತ ಹೇಳಿದ ಹಾಗೆ. `c` ಬದಲು `d` ಒತ್ತಿದರೆ ಅಳಿಸುತ್ತದೆ, `y` ಒತ್ತಿದರೆ ನಕಲು ಮಾಡುತ್ತದೆ. ಇನ್ನೊಂದು ಸಾಲಿಗೆ ಹೋಗಿ ಚುಕ್ಕೆ ಒತ್ತಿದರೆ ಅದೇ ಬದಲಾವಣೆ ಅಲ್ಲೂ ಆಗುತ್ತದೆ. ಕ್ರಿಯಾಪದ ಒಂದು, ಕರ್ಮ ಒಂದು. ಕೆಲವನ್ನು ಕಲಿತರೆ ನೂರಾರು ಜೋಡಣೆಗಳು ತಾನಾಗಿ ಬರುತ್ತವೆ.

ನಿಧಾನವಾದ ಟರ್ಮಿನಲ್‌ಗಳ ಕಾಲದಲ್ಲಿ, ಮೌಸ್ ಇಲ್ಲದ ಕಾಲದಲ್ಲಿ ಹುಟ್ಟಿದ ವಿಧಾನ ಇದು. ಆ ಕಾಲ ಹೋಯಿತು, ವಿಧಾನ ಉಳಿಯಿತು. ಉಳಿಯಲು ಬರೀ ಅಭ್ಯಾಸಬಲ ಕಾರಣ ಅಲ್ಲ. ಹಳೆಯ ಹಂಗಿಲ್ಲದೆ ಹೊಸದಾಗಿ ಬರೆದ ಹೀಲಿಕ್ಸ್ ಎಡಿಟರ್ ಕೂಡ ಎರಡು ಸ್ಥಿತಿಗಳ ವಿಧಾನವನ್ನೇ ಆರಿಸಿಕೊಂಡಿದೆ. ವಿಎಸ್ ಕೋಡ್‌ಗೆ, ಇಂಟೆಲಿಜೆಗೆ ವಿಮ್ ಕೀಲಿಗಳ ಪ್ಲಗಿನ್‌ಗಳಿವೆ. ಯಾರೂ ಬಲವಂತ ಮಾಡದಿದ್ದರೂ ಮುಂದಿನವರು ಬೇಕು ಅಂತ ತೆಗೆದುಕೊಂಡದ್ದನ್ನು ಸಾಂಪ್ರದಾಯಿಕ ಅನ್ನುತ್ತೇನೆ. ವಿಮ್‌ನ ಈ ಭಾಗಕ್ಕೆ ಅದಕ್ಕಿಂತ ಸರಿಯಾದ ಪದ ಇಲ್ಲ.

ಒಂದೇ ಕೀಲಿಮಣೆಯಿಂದ ಬಂದ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಬಿಲ್ ಜಾಯ್ ಬಳಸಿದ್ದು ಎಡಿಎಂ-3ಎ ಟರ್ಮಿನಲ್. ಅದರಲ್ಲಿ H, J, K, L ಕೀಲಿಗಳ ಮೇಲೇ ಬಾಣದ ಗುರುತು ಇತ್ತು. ಅದಕ್ಕೇ ವಿಮ್‌ನಲ್ಲಿ ಇವತ್ತಿಗೂ ಕರ್ಸರ್ ಓಡಾಡುವುದು `hjkl` ಮೇಲೆ. ಬೆರಳು ಜಾಗ ಬಿಟ್ಟು ಹೋಗಬೇಕಿಲ್ಲ, ಹಾಗಾಗಿ ಗುರುತು ಅಳಿಸಿಹೋದರೂ ಉಪಯೋಗ ಉಳಿದಿದೆ. ಅದೇ ಟರ್ಮಿನಲ್‌ನಲ್ಲಿ `Esc` ಕೀಲಿ ಈಗ ಟ್ಯಾಬ್ ಇರುವ ಜಾಗದಲ್ಲಿತ್ತು, Q ಪಕ್ಕದಲ್ಲೇ. ಕಿರುಬೆರಳಿಗೆ ಹತ್ತಿರ. ಈಗ ಅದು ಮೂಲೆಗೆ ಹೋಗಿ ಕೂತಿದೆ. ದಿನವಿಡೀ ಒತ್ತಬೇಕಾದ ಕೀಲಿಗೆ ಅದು ಜಾಗವೇ ಅಲ್ಲ. ಜನ ಕ್ಯಾಪ್ಸ್ ಲಾಕ್ ಅನ್ನು `Esc` ಮಾಡಿಕೊಳ್ಳುವುದು ಸುಮ್ನೆ ಅಲ್ಲ. `hjkl` ಸಾಂಪ್ರದಾಯಿಕ, `Esc` ಹಳತಾದದ್ದು. ಒಂದರ ಕಾರಣ ಬದಲಾಗಿ ಬದುಕಿತು, ಇನ್ನೊಂದರ ಕಾರಣ ಸತ್ತುಹೋಯಿತು.

ಹಳತಾದದ್ದು ಅಂದರೆ ಕೆಟ್ಟಿದೆ ಅಂತಲ್ಲ. ಕೆಲಸ ಮಾಡುತ್ತದೆ, ಆದರೆ ಯಾವ ಕಾಲದಲ್ಲಿ ಮಾಡಿದ್ದು ಅನ್ನುವುದು ಮುಖದ ಮೇಲೇ ಕಾಣುತ್ತದೆ. ವಿಮ್‌ನಲ್ಲಿ ಇದಕ್ಕೆ ನನ್ನ ಮೊದಲ ಉದಾಹರಣೆ ಸ್ವಾಪ್ ಫೈಲ್ ಎಚ್ಚರಿಕೆ. ಇನ್ನೂ ಉಳಿಸದ ಬರಹವನ್ನು ವಿಮ್ ಇಟ್ಟುಕೊಳ್ಳುವ ಕಡತವೇ ಸ್ವಾಪ್ ಫೈಲ್. ಬರೆಯುತ್ತಿರುವಾಗ ಕರೆಂಟ್ ಹೋಯಿತು ಅಂದುಕೊಳ್ಳಿ. ಮತ್ತೆ ಅದೇ ಕಡತ ತೆರೆದರೆ ಪರದೆ ತುಂಬ ಇದು:

```
E325: ATTENTION
Found a swap file by the name ".notes.txt.swp"
...
[O]pen Read-Only, (E)dit anyway, (R)ecover, (D)elete it, (Q)uit, (A)bort:
```

ನಡುವೆ ಮಾಲೀಕನ ಹೆಸರು, ದಿನಾಂಕ, ಹೋಸ್ಟ್ ಹೆಸರು, ಪ್ರೋಸೆಸ್ ಸಂಖ್ಯೆ ಎಲ್ಲವೂ ಇರುತ್ತವೆ. ನಮಗೆ ಬೇಕಾದ ಒಂದೇ ಒಂದು ಮಾಹಿತಿ ಇಲ್ಲ: ಸ್ವಾಪ್‌ನಲ್ಲಿ ಇರುವುದಕ್ಕೂ ಡಿಸ್ಕ್‌ನಲ್ಲಿ ಇರುವುದಕ್ಕೂ ಏನು ವ್ಯತ್ಯಾಸ? ಅದನ್ನು ನೋಡಬೇಕಾದರೆ `R` ಒತ್ತಿ, ಆಮೇಲೆ `:DiffOrig` ಕೊಡಬೇಕು. ಎಲ್ಲ ಸರಿಯಿದೆ ಅಂತ ಉಳಿಸಿದ ಮೇಲೂ ಆ `.swp` ಕಡತ ಅಲ್ಲೇ ಬಿದ್ದಿದ್ದರೆ, ಮುಂದಿನ ಸಲ ತೆರೆದಾಗ ಮತ್ತೆ ಅದೇ ಪುರಾಣ. ಬರೆದದ್ದು ಉಳಿದಿರುತ್ತದೆ ಅನ್ನುವುದು ನಿಜ, ಅದು ದೊಡ್ಡ ವಿಷಯ. ಆದರೆ ಕೇಳುವ ರೀತಿ ಮಾತ್ರ ಯಂತ್ರದ ಒಳಗನ್ನು ಚೆನ್ನಾಗಿ ಬಲ್ಲವರಿಗೆ ಮಾತ್ರ ಅರ್ಥವಾಗುವಂಥದ್ದು. ಬುದ್ಧಿ ಗಟ್ಟಿ, ಮಾತು ಹಳತು.

ಕ್ಲಿಪ್‌ಬೋರ್ಡ್ ಕಥೆಯೂ ಇದೇ ಜಾತಿ. ವಿಮ್‌ನಲ್ಲಿ `y` ಒತ್ತಿ ನಕಲು ಮಾಡಿದ್ದು ಬ್ರೌಸರ್‌ಗೆ ಹೋಗುವುದಿಲ್ಲ. `"+y` ಒತ್ತಬೇಕು. ಅದೂ ನಿಮ್ಮ ಪ್ಯಾಕೇಜ್‌ನಲ್ಲಿ ಕ್ಲಿಪ್‌ಬೋರ್ಡ್ ಸೌಲಭ್ಯ ಸೇರಿಸಿದ್ದರೆ ಮಾತ್ರ.

ಸಂಪ್ರದಾಯಕ್ಕೂ ಗೊಡ್ಡು ಸಂಪ್ರದಾಯಕ್ಕೂ ಇರುವ ಅಂತರ ಬಳಕೆದಾರರು ತಮ್ಮ ಆಯ್ಕೆಗಳನ್ನು ಬರೆದಿಡುವ `.vimrc` ಕಡತಗಳಲ್ಲಿ ಕಾಣುತ್ತದೆ. ಎಷ್ಟೋ ಜನರ ಕಡತದ ಮೊದಲ ಸಾಲು ಇದು:

```vim
set nocompatible
```

ಹಳೆಯ `vi` ಥರವೇ ನಡೆದುಕೊಳ್ಳುವ ಆಯ್ಕೆ `compatible`. `.vimrc` ಅನ್ನುವ ಕಡತ ಸಿಕ್ಕ ತಕ್ಷಣ ವಿಮ್ ತಾನೇ ಅದನ್ನು ಬಂದ್ ಮಾಡಿಬಿಡುತ್ತದೆ. ಅಂದರೆ ಈ ಸಾಲು ಓದುವ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ. ಆದರೂ ಒಬ್ಬರಿಂದ ಒಬ್ಬರಿಗೆ ನಕಲಾಗುತ್ತಲೇ ಇದೆ. ಹೊಸಬರಿಗೆ ಬಾಣದ ಕೀಲಿಗಳನ್ನೇ ನಿಷ್ಕ್ರಿಯ ಮಾಡಿಸಿ "ಆಗಲೇ ಕಲಿಯೋದು" ಅನ್ನುವವರೂ ಇದ್ದಾರೆ. ಇದು ವಿಮ್‌ನ ತಪ್ಪಲ್ಲ, ಭಕ್ತರದ್ದು.

ಇನ್ನು ಬಳಕೆ ತಪ್ಪಿದ್ದು. ಈ ಪದವನ್ನು ನಾನು ಜೋಪಾನವಾಗಿ ಇಡುತ್ತೇನೆ. ಬೇರೆ ಏನೋ ಬಂದು ಅದರ ಜಾಗ ಹಿಡಿದಿರಬೇಕು, ಈಗಲೂ ಬಳಸಿದರೆ ನಷ್ಟ ಅಥವಾ ಅಪಾಯ ಇರಬೇಕು. ಆಗ ಮಾತ್ರ ಈ ಪದ. `textmode` ಆಯ್ಕೆ ಹೀಗೆ ಬಳಕೆ ತಪ್ಪಿದ್ದು. ಅದರ ಕೆಲಸವನ್ನು `fileformat` ವಹಿಸಿಕೊಂಡಿದೆ, ಕೈಪಿಡಿಯೇ ಹಾಗೆ ಹೇಳುತ್ತದೆ. ಎಂಎಸ್-ಡಾಸ್ ಬೆಂಬಲವನ್ನು 2016ರ 8.0ರಲ್ಲೇ ಕಿತ್ತುಹಾಕಿದರು, ಯಾರೂ ಅಳಲಿಲ್ಲ. ಗಂಭೀರವಾದದ್ದು ಗುಪ್ತಲಿಪಿ. ವಿಮ್‌ನಲ್ಲಿ ಕಡತಕ್ಕೆ ಬೀಗ ಹಾಕುವ ಹಳೆಯ ವಿಧಾನದ ಹೆಸರು `zip`. ಇದು ಮುರಿಯಬಹುದಾದದ್ದು ಅಂತ ಕೈಪಿಡಿ ಮುಚ್ಚುಮರೆ ಇಲ್ಲದೆ ಹೇಳುತ್ತದೆ: 4 ಅಕ್ಷರದ ಕೀಲಿಗೆ ಸುಮಾರು ಒಂದು ಗಂಟೆ, 6 ಅಕ್ಷರದ್ದಕ್ಕೆ ಒಂದು ದಿನ. ಅದೂ ಯಾವ ಯಂತ್ರದಲ್ಲಿ? ಪೆಂಟಿಯಂ 133ರಲ್ಲಿ! ಇವತ್ತಿನ ಯಂತ್ರಗಳ ಮುಂದೆ ಅದು ಬೀಗವೇ ಅಲ್ಲ. ಆಮೇಲೆ 7.3ರಲ್ಲಿ ಬಂದ `blowfish`ನಲ್ಲೂ ದೋಷ ಸಿಕ್ಕಿ `blowfish2` ಬಂತು. ಹಳೆಯ ಕಡತ ಓದಲು ಬೇಕು ಅಂತ `zip` ಇನ್ನೂ ಒಳಗೆ ಇದೆ. ಓದಲು ಇರಲಿ. ಹೊಸದಾಗಿ ಬರೆಯಲು ಬಿಡಬಾರದಿತ್ತು ಅನ್ನುವುದು ನನ್ನ ಅಭಿಪ್ರಾಯ. ಹಳತಾದದ್ದನ್ನು ಸಹಿಸಿಕೊಳ್ಳಬಹುದು, ಇಂಥದ್ದನ್ನು ಸಹಿಸಬಾರದು.

ಎಲ್ಲ ಕೊರತೆಗೂ "ಹಳೇದು" ಅಂತ ಹಣೆಪಟ್ಟಿ ಹಚ್ಚುವ ಚಟವೂ ಇದೆ. ಕೋಡ್ ಅರ್ಥ ಮಾಡಿಕೊಂಡು ಸಲಹೆ ಕೊಡುವ ಎಲ್‌ಎಸ್‌ಪಿ ಸೌಲಭ್ಯ ವಿಮ್ 9.1ರ ಒಳಗೆ ಇಲ್ಲ, ಪ್ಲಗಿನ್ ಹಾಕಬೇಕು. 2014ರಲ್ಲಿ ಕವಲೊಡೆದ ನಿಯೋವಿಮ್ 2021ರ 0.5ರಲ್ಲೇ ಅದನ್ನು ಒಳಗೆ ಸೇರಿಸಿತು. ಇದು ಹಳತು ಅಲ್ಲ, ಬರೀ ಕೊರತೆ. ಹೆಸರು ತಪ್ಪಿದರೆ ಪರಿಹಾರವೂ ತಪ್ಪುತ್ತದೆ ಅಲ್ವಾ? ವಿಮ್9 ಸ್ಕ್ರಿಪ್ಟ್ ಇನ್ನೊಂದು ವಿಚಿತ್ರ. 2022ರ 9.0 ಜೊತೆ ಬಂದ ಹೊಸ ಭಾಷೆ, ಹಳೆಯದಕ್ಕಿಂತ ತುಂಬಾ ವೇಗ. ಆದರೆ ವಿಮ್ ಬಿಟ್ಟು ಹೊರಗೆ ಎಲ್ಲೂ ಉಪಯೋಗವಿಲ್ಲ. ನಿಯೋವಿಮ್ ಲುವಾ ಕಡೆ ಹೋಯಿತು. ಹೊಸದಾಗಿದ್ದೂ ಒಂಟಿ.

ಹಸಿರು, ಕಂದು ಬಣ್ಣಗಳ ರೆಟ್ರೋ ವೇಷಕ್ಕೆ `:colorscheme retrobox` ಇದೆ. ಬೇಕಾಗಿ ತೊಟ್ಟ ಹಳತು, ಚೆನ್ನಾಗೇ ಇದೆ.

ಸರ್ವರ್‌ಗಳಲ್ಲಿ ಕೆಲಸ ಮಾಡುವವರಿಗೆ, ದಿನವಿಡೀ ಪಠ್ಯ ತಿದ್ದುವವರಿಗೆ ವಿಮ್ 9.1 ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಅರ್ಧ ಗಂಟೆ `vimtutor` ಓಡಿಸಿ. ಎರಡು ಸ್ಥಿತಿಗಳ ಓಡಾಟ ಆಗಲೂ ಹಿಡಿಸದಿದ್ದರೆ ಬೇರೆ ಎಡಿಟರ್ ನೋಡಿ, ಅದರಲ್ಲಿ ಅವಮಾನ ಏನಿಲ್ಲ. ತೆರೆದ ಕೂಡಲೇ ಎಲ್ಲ ಸಜ್ಜಾಗಿರಬೇಕು ಅನ್ನುವವರಿಗೆ ನಿಯೋವಿಮ್ ಅಥವಾ ಹೀಲಿಕ್ಸ್ ಜಾಸ್ತಿ ಒಗ್ಗುತ್ತದೆ.

ಈಗಾಗಲೇ ವಿಮ್ ಬಳಸುತ್ತಾ, ವರ್ಷಗಳ ಹಿಂದೆ ಕಡತಗಳಿಗೆ ಬೀಗ ಹಾಕಿದವರು ಒಂದು ಕೆಲಸ ಮಾಡಿ. ಕೀಲಿ ಕೊಟ್ಟು ಕಡತ ತೆರೆದು `:set cm?` ಕೊಡಿ. ಉತ್ತರ `zip` ಅಂತ ಬಂದರೆ ಇದನ್ನು ಒತ್ತಿ:

```vim
:setlocal cm=blowfish2
:w
```

ನಿಜವಾಗಿ ಗುಟ್ಟಿನದು ಆಗಿದ್ದರೆ ಎಡಿಟರ್ ಬೀಗವನ್ನೇ ನಂಬಬೇಡಿ, `gpg` ಬಳಸಿ.