ಆಯಿ ಗುಂಡಿ ಡಬ್ಬಿ

ಮೇ ತಿಂಗಳ ಕಲಬುರಗಿ ಬಿಸಲು ಅಂದ್ರ ಗೊತ್ತೇ ಅದ ನಿಮಗ, 42 ಡಿಗ್ರಿ ದಾಟಿತಂದ್ರ ಮುಂಜಾನಿ ಹತ್ತಕ್ಕೇ ಬಾಗಲಾ ಹಾಕ್ಕೊಂಡು ಕುಂದ್ರೋದು, ಅದ್ರಾಗ ಅವತ್ತ ಕರೆಂಟ್ ಬ್ಯಾರೆ ಹೋಗಿತ್ತು. ಮೊಬೈಲ್ ಚಾರ್ಜ್ ಖಾಲಿ, ಆರು ವರ್ಷದ ಚಿನ್ನಿ ಅಳೂದೊಂದು ಬಾಕಿ. ಅವಳ ಆಯಿ, ಅಂದ್ರ ನಮ್ಮವ್ವ, ಟ್ರಂಕಿನಾಗಿಂದ ಜಂಗು ಹಿಡಿದ ಬಿಸ್ಕೀಟ್ ಡಬ್ಬಿ ತೆಗೆದು ಗಲಗಲ ಅಂತ ಪರಸಿ ಮ್ಯಾಲ ಸುರುವಿದ್ಳು. ಬರೀ ಗುಂಡಿ!

ಹರಿದ ಅಂಗಿ ನೆಲಾ ಒರೆಸಲಾಕ ಹೋಗೂಕಿಂತ ಮೊದಲು ಅದರ ಗುಂಡಿ ಕತ್ತರಿಸಿ ಡಬ್ಬಿಗಿ ಹಾಕೋದು ಅವ್ವನ ಪದ್ಧತಿ. ನಮ್ಮಪ್ಪ ಎಂಎಸ್‌ಕೆ ಮಿಲ್ಲಿಗಿ ಹಾಕ್ಕೊಂಡು ಹೋಗ್ತಿದ್ದ ಖಾಕಿ ಅಂಗಿದೂ ಅದ್ರಾಗ ಅವ.

ಚಿನ್ನಿ ಮೊದಲು ಸೈಜ್ ಪ್ರಕಾರ ಮೂರು ಬಟ್ಟಲದಾಗ ಹಾಕಿದ್ಳು. ಆಮ್ಯಾಲ ಬಣ್ಣ ನೋಡ್ಲಾಕ ಸುರು ಮಾಡಿದ್ಳು, ಅಲ್ಲೇ ತಕರಾರು ಬಂತು.

"ಆಯಿ, ಇದು ಕೆಂಪದ, ಖರೆ ದೊಡ್ಡದೂ ಅದ. ಎಲ್ಲಿ ಹಾಕ್ಲಿ?"

"ನೀ ಏನಂತಿ?"

ಹುಡುಗಿ ಆ ಸ್ವೆಟರ್ ಗುಂಡಿ ಅಂಗೈಯಾಗ ಇಟ್ಕೊಂಡು ಭಾಳೊತ್ತು ಕುಂತ್ಳು, ಆಮ್ಯಾಲ ಎಲ್ಲಾ ಮತ್ತ ನೆಲಕ್ಕ ಸುರುವಿ, ಬಣ್ಣಕ್ಕೊಂದು ಸಾಲು ಹಚ್ಚಿ, ಸಾಲಿನಾಗ ಸಣ್ಣದ್ರಿಂದ ದೊಡ್ಡದಕ್ಕ ಜೋಡಿಸಿದ್ಳು. ನನಗಂತೂ ಹೊಳೀತಿರಲಿಲ್ಲ. ಅವ್ವಗ ಮೋತಿಬಿಂದು, ಬಿಳಿಗೂ ಹಳದಿಗೂ ಫರಕ್ ಕಾಣಲ್ಲ, ಆಕಿ ಬೆರಳಿಲೆ ತೂತು ಮುಟ್ಟಿ ನೋಡಿ "ಇದು ನಾಕ್ ತೂತಿಂದು, ಅಂಗಿದು. ಇದು ಎರಡರದು, ನಿನ್ನ ಲಂಗದ್ದು" ಅಂತ ಹೇಳ್ತಿದ್ಳು. ಒಂದು ಖಾಕಿ ಗುಂಡಿಗಿ ದಾರ ಇನ್ನಾ ಹಂಗೇ ಇತ್ತು. ಅದನ್ನ ಮುಟ್ಟಿ ಏನೂ ಅನ್ನಲಿಲ್ಲ, ಚಿನ್ನಿ ಕೈಗೇ ವಾಪಸ್ ಕೊಟ್ಳು.

ಮರುದಿನ ಡ್ಯೂಟಿಗಿ ಹೊಂಟ್ರ ನನ್ನ ಬಿಳಿ ಅಂಗಿ ಗುಂಡಿ ಒಂದು ಇಲ್ಲ, ಅದೂ ಹೊಟ್ಟಿ ಹತ್ರದ್ದು. ಸೀದಾ ಬಿಳಿ ಸಾಲಿಗಿ ಕೈ ಹಾಕಿದೆ.

"ಪಪ್ಪಾ ಮುಟ್ಟಬ್ಯಾಡ! ಅವು ಇಪ್ಪತ್ತವ!"

"ಒಂದೇ ಒಂದವ್ವಾ, ಬಸ್ ಹೋಗ್ತದ."

"ಹತ್ತೊಂಬತ್ತಾಗ್ತಾವ."

ಅವ್ವನ್ನ ನೋಡಿದೆ, ಆಕಿ ಸೂಜಿಗಿ ದಾರ ಪೋಣಸಲಾಕ ಮೊಮ್ಮಗಳಿಗೇ ಕೊಟ್ಟು "ಆಕಿ ಯಾವುದು ಕೊಡ್ತಾಳ ಅದು ಹಚ್ತೀನಿ" ಅಂದು ಸುಮ್ನಾದ್ಳು. ಹಸಿರು ಸಾಲಿನಾಗ ಏಳಿದ್ವು, ಅದು ಚಿನ್ನಿಗಿ ಮೊದಲೇ ಸೇರಿದ್ದಿಲ್ಲ. ಗಿಳಿ ಹಸಿರುದೊಂದು ಆರಿಸಿ ಕೊಟ್ಳು.

ದಿನಾ ಪೂರ್ತಿ ಹೊಟ್ಟಿ ಮ್ಯಾಲ ಫೈಲ್ ಹಿಡ್ಕೊಂಡು ಓಡಾಡಿದೆ, ಜವಾನ ಮಾತ್ರ ನೋಡಿ ನಕ್ಕ. ಸಂಜಿಗಿ ಮನಿಗಿ ಬಂದ್ರ ಹೊಚ್ಚಲದಾಗೇ ಅಂಗಿ ಹಿಡಿದು ನೋಡಿದ್ಳು.

"ಅದ," ಅಂತ ಆಯಿಗಿ ಕೂಗಿ ಹೇಳಿದ್ಳು.